ಕಪ್ಪು ದೀಪದ ಫೋಲ್ಡರು

ಸಾಗರದಲ್ಲಿ ಆ ಕಾಲಕ್ಕೆ ವಾಗ್ದೇವಿಯ ಕೆಲಸಕ್ಕೆ ಸರಿಯಾದ ಹೆಸರೇ ಇರಲಿಲ್ಲ. ಅವಳ ತಂದೆ ಸುಬ್ಬಯ್ಯ ಅಂಗಡಿಗಳ ಬೋರ್ಡು ಬರೆಯುವವರು. ಹಾಗಾಗಿ ಊರವರ ಬಾಯಲ್ಲಿ ಮಗಳೂ ‘ಬೋರ್ಡು ಬರೆಯೋ ಹುಡುಗಿ’ಯೇ ಆಗಿದ್ದಳು. ಅವಳು ಬೋರ್ಡು ಬರೆಯುತ್ತಿರಲಿಲ್ಲ. ದಾವಣಗೆರೆಗೆ ಹೋಗಿ ಕಲಿತು ಬಂದು, ಮನೆಯ ಜಗಲಿಯಲ್ಲಿ ಇಳಿಜಾರು ಹಲಗೆ ಇಟ್ಟುಕೊಂಡು, ಲೇಬಲ್ಲು, ಪೊಟ್ಟಣ, ಲೆಟರ್‌ಹೆಡ್ಡುಗಳಿಗೆ ಚಿತ್ರ ಅಕ್ಷರ ಕೂಡಿಸಿ ಕೊಡುತ್ತಿದ್ದಳು. ಯಾರ ಕೈಕೆಳಗೂ ಅಲ್ಲ, ತನ್ನ ಪಾಡಿಗೆ ತಾನು. ಇದನ್ನು ಅವಳ ತಾಯಿ ಯಮುನಮ್ಮ ನೆಂಟರಿಷ್ಟರಿಗೆ ವಿವರಿಸಲು ಹೋಗಿ, ಅರ್ಧ ದಾರಿಯಲ್ಲಿ ಕೈಬಿಟ್ಟು, ‘ಎಂಥದೋ ಚಿತ್ರ ಬರೀತಾಳೆ’ ಎಂದು ಮಾತು ಮುಗಿಸುತ್ತಿದ್ದರು.

ಯಮುನಮ್ಮನ ಮನಸ್ಸಿನಲ್ಲಿದ್ದದ್ದು ಬೇರೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಖಾಲಿ ಬಿದ್ದಿತ್ತು. ಅರ್ಜಿ ಹಾಕು ಹಾಕು ಎಂದು ಅವರು ಮಗಳ ಬೆನ್ನು ಬಿದ್ದಿದ್ದರು. ತಾಯಿಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಿಂದಿನ ವರ್ಷ ಹೊಸನಗರದ ಉಪ್ಪಿನಕಾಯಿಯವರೊಬ್ಬರಿಗೆ ವಾಗ್ದೇವಿ ಲೇಬಲ್ಲು ಮಾಡಿಕೊಟ್ಟಿದ್ದಳು. ಕಳಿಸುವಾಗ ಕೊನೆಯ ಪ್ರತಿ, ಮೊದಲಿನ ಕರಡು, ಬಣ್ಣದ ಮಾದರಿ ಎಲ್ಲವನ್ನೂ ಒಂದೇ ಸುರುಳಿ ಸುತ್ತಿ ಕಳಿಸಿದ್ದಳು. ಯಾವುದು ಏನು ಎಂದು ಒಂದು ಚೀಟಿಯನ್ನೂ ಇಟ್ಟಿರಲಿಲ್ಲ. ಪ್ರೆಸ್ಸಿನವರು ಕೈಗೆ ಮೊದಲು ಸಿಕ್ಕ ಕರಡನ್ನೇ ಅಚ್ಚು ಹಾಕಿದರು. ಅದರಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತು. ಆ ವರ್ಷ ಹೊಸನಗರದ ಜನ ‘ಉಪ್ಪಿನಕಯಿ’ ತಿಂದರು. ಎದುರಿಗೆ ಸಿಕ್ಕಾಗಲೆಲ್ಲ ಆ ಮನುಷ್ಯ, ‘ಕಯಿ ಹೇಗಿತ್ತಮ್ಮ, ಕಹಿ ಇತ್ತಾ?’ ಎಂದು ಕೇಳುತ್ತಿದ್ದ. ನಗುತ್ತಲೇ ಕೇಳುತ್ತಿದ್ದ, ಆದರೆ ಮತ್ತೆ ಕೆಲಸ ಕೊಡಲಿಲ್ಲ.

ಆದ್ದರಿಂದ ತೀರ್ಥಹಳ್ಳಿಯ ಮುಕುಂದಯ್ಯ ತಮ್ಮ ‘ಸಂಜೆದೀಪ ಕಷಾಯದ ಪುಡಿ’ಯ ಪೊಟ್ಟಣದ ಕೆಲಸ ಕೊಟ್ಟಾಗ, ವಾಗ್ದೇವಿ ತಾಯಿಗೆ ಒಂದು ಮಾತು ಕೊಟ್ಟಳು. ‘ಇದೊಂದು ನೆಟ್ಟಗೆ ಅಚ್ಚಾಗಿ ಬರ್ಲಿ. ಬಂದ್ರೆ ಟೀಚರ್ ಮಾತು ಎತ್ಬೇಡ. ಕೆಟ್ರೆ ಅರ್ಜಿ ನಾನೇ ಬರೀತೀನಿ.’ ಯಮುನಮ್ಮ ಹೂಂ ಎಂದರು. ಆ ಹೂಂ ಎಷ್ಟು ಉದ್ದವಾಗಿತ್ತೆಂದರೆ, ಅರ್ಜಿಯ ಕಾಗದ ಅವರ ಪೆಟ್ಟಿಗೆಯಲ್ಲಿ ಆಗಲೇ ತಯಾರಿದೆ ಎಂದು ವಾಗ್ದೇವಿಗೆ ಖಾತ್ರಿಯಾಯಿತು.

ಕೆಲಸ ಮುಗಿಯಿತು. ಶಿವಮೊಗ್ಗದ ಆಫ್‌ಸೆಟ್ ಪ್ರೆಸ್ಸಿನವರು ಸೋಮವಾರ ಮೆಷಿನ್ನು ಬಿಟ್ಟುಕೊಡಲು ಒಪ್ಪಿದ್ದರು. ಆ ಸೋಮವಾರ ತಪ್ಪಿದರೆ ಮದುವೆ ಕಾಗದಗಳ ಸಾಲು ಹಿಡಿಯುತ್ತದೆ, ಮಳೆ ಹಿಡಿಯುವ ಮುಂಚೆ ಕಷಾಯದ ಪುಡಿ ಅಂಗಡಿ ಸೇರುವುದಿಲ್ಲ. ಮಳೆಗೆ ಮುಂಚೆ ಬಾರದ ಕಷಾಯವನ್ನು ಮಲೆನಾಡಿನಲ್ಲಿ ಯಾರು ಕೇಳುತ್ತಾರೆ! ವಾಗ್ದೇವಿ ಈ ಸಲ ಸುರುಳಿ ಸುತ್ತಲಿಲ್ಲ. ರಟ್ಟಿನ ದೊಡ್ಡದೊಂದು ಫೋಲ್ಡರು ಮಾಡಿದಳು. ಒಳಗೆ ಕಂದು ಕಾಗದದ ಸಣ್ಣ ಫೋಲ್ಡರುಗಳು, ಪ್ರತಿಯೊಂದರ ಮೇಲೆ ದಪ್ಪಕ್ಷರದ ಅಂಕಿ. ಆಮೇಲೆ ಶುಕ್ರವಾರ ಬೆಳಿಗ್ಗೆ ಕಾಫಿ ಆರಿಹೋಗುವವರೆಗೆ ಕೂತು ಈ ಕಾಗದ ಬರೆದಳು:

‘ಶ್ರೀ ಮುಕುಂದಯ್ಯನವರಿಗೆ ವಾಗ್ದೇವಿಯ ನಮಸ್ಕಾರಗಳು. ಬಸ್ಸಿನ ಕನ್ನಪ್ಪನವರ ಕೈಯಲ್ಲಿ ದೊಡ್ಡ ಫೋಲ್ಡರು ಕಳಿಸಿದ್ದೇನೆ. ದಯಮಾಡಿ ಈ ಕಾಗದವನ್ನು ಪೂರ್ತಿ ಓದಿದ ಮೇಲೆ ಅದರ ದಾರ ಬಿಚ್ಚಿ. ಒಳಗೆ ಐದು ಸಣ್ಣ ಫೋಲ್ಡರುಗಳಿವೆ. ಯಾವುದರಿಂದ ತೆಗೆದದ್ದನ್ನು ಅದಕ್ಕೇ ಹಾಕಿ.

‘ಒಂದನೆಯದರಲ್ಲಿ ಮೂಲ ಇದೆ. ಬಿಳಿ ರಟ್ಟಿನ ಮೇಲೆ ಕಪ್ಪು ಶಾಯಿಯಲ್ಲಿ ಬರೆದದ್ದು, ಅಕ್ಷರಗಳನ್ನು ಅಂಟಿಸಿದ್ದೇನೆ. ಪೊಟ್ಟಣಕ್ಕಿಂತ ಒಂದೂವರೆ ಪಟ್ಟು ದೊಡ್ಡದಿದೆ ಎಂದು ಗಾಬರಿ ಬೇಡ. ಪ್ರೆಸ್ಸಿನವರು ಕ್ಯಾಮರಾದಲ್ಲಿ ಫೋಟೋ ತೆಗೆದು ಚಿಕ್ಕದು ಮಾಡುತ್ತಾರೆ, ಚಿಕ್ಕದಾದಾಗ ಗೆರೆ ಚೊಕ್ಕವಾಗುತ್ತದೆ. ಮೇಲಿನ ತೆಳು ಕಾಗದದ ಮುಸುಕು ಎತ್ತಿ ನೋಡಿ, ಆದರೆ ಮುಟ್ಟಬೇಡಿ. ಎಣ್ಣೆ, ನೀರು, ಬೆರಳಿನ ಗುರುತು ಯಾವುದೂ ಬೀಳಬಾರದು. ಮಡಿಸಬಾರದು.

‘ಎರಡನೆಯದರಲ್ಲಿ ಗಾಜಿನಂಥ ಎರಡು ಹಾಳೆಗಳಿವೆ. ಒಂದು ಕೆಂಪು ಬರಬೇಕಾದ ಜಾಗಕ್ಕೆ, ಒಂದು ಹಳದಿ ಬರಬೇಕಾದ ಜಾಗಕ್ಕೆ. ಇವನ್ನೂ ಕಪ್ಪಿನಲ್ಲೇ ಬರೆದಿದ್ದೇನೆ. ದೀಪದ ಉರಿ ಕಪ್ಪಗಿದೆ ಎಂದು ಬೇಸರ ಮಾಡಿಕೊಳ್ಳಬೇಡಿ. ಕ್ಯಾಮರಾಕ್ಕೆ ಬೇಕಾದದ್ದು ಆಕಾರ ಮಾತ್ರ. ಬಣ್ಣ ಕೊಡುವುದು ಮೆಷಿನ್ನಿನ ಶಾಯಿ. ಅಂಚಿನಲ್ಲಿರುವ ಕೂಡು ಗುರುತುಗಳು ಕೊಳೆಯಲ್ಲ, ಅಳಿಸಬೇಡಿ. ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರಲು ಅವು ಬೇಕು.

‘ಮೂರನೆಯದು ನಿಮಗಾಗಿ. ಅಚ್ಚಾದ ಮೇಲೆ ಪೊಟ್ಟಣ ಹೇಗೆ ಕಾಣುತ್ತದೆಯೋ ಹಾಗೆ ಬಣ್ಣ ಹಾಕಿದ ಮಾದರಿ. ನಿಜವಾದ ದೀಪ ಇದೇ. ಮನೆಯವರೆಲ್ಲ ಕಣ್ತುಂಬ ನೋಡಿ. ಪ್ರೆಸ್ಸಿನವರು ಇದರ ಫೋಟೋ ತೆಗೆಯುವುದಿಲ್ಲ, ಪಕ್ಕದಲ್ಲಿಟ್ಟುಕೊಂಡು ಶಾಯಿ ಹೊಂದಿಸುತ್ತಾರೆ.

‘ನಾಲ್ಕನೆಯದರಲ್ಲಿ ದೀಪ ಮತ್ತು ಹೆಸರು ಮಾತ್ರ ಇರುವ ಬ್ರೋಮೈಡ್ ಪ್ರತಿಗಳು, ಅಂದರೆ ಫೋಟೋ ಕಾಗದದ ಮೇಲೆ ತೆಗೆಸಿದ ನಕಲುಗಳು, ದೊಡ್ಡದು ಚಿಕ್ಕದು. ಇದು ಈಗ ಬೇಡ. ಮುಂದೆ ಲೆಟರ್‌ಹೆಡ್ಡಿಗೆ, ರಬ್ಬರ್ ಸ್ಟಾಂಪಿಗೆ, ಪೇಪರಿನ ಜಾಹೀರಾತಿಗೆ ಬರುತ್ತದೆ. ಮನೆಯಲ್ಲೇ ಇಟ್ಟುಕೊಳ್ಳಿ. ಐದನೆಯದು ಪ್ರೆಸ್ಸಿನವರಿಗೆ: ಅಳತೆ, ಕತ್ತರಿಸುವ ಗೆರೆ, ಮಡಿಕೆ, ಶಾಯಿಗಳ ವಿವರ. ಶಿವಮೊಗ್ಗಕ್ಕೆ ಹೋಗಬೇಕಾದ್ದು ಒಂದು, ಎರಡು, ಮೂರು, ಐದು. ಕರಡುಗಳನ್ನು ಕಳಿಸಿಲ್ಲ, ಬೇಕೆಂದೇ ಇಲ್ಲೇ ಇಟ್ಟುಕೊಂಡಿದ್ದೇನೆ.’

ಎರಡು ಸಲ ಓದಿ, ದೀರ್ಘಗಳನ್ನೆಲ್ಲ ಎಣಿಸಿದವಳಂತೆ ನೋಡಿ, ದೊಡ್ಡ ಫೋಲ್ಡರಿನ ಹೊರಗೆ ಕಾಗದವನ್ನು ಕಟ್ಟಿದಳು. ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರು ಕನ್ನಪ್ಪ ಅದನ್ನು ತನ್ನ ಸೀಟಿನ ಹಿಂದೆ ನೆಟ್ಟಗೆ ನಿಲ್ಲಿಸಿದ. ‘ಕೋಳಿ ಬುಟ್ಟಿ ಹತ್ರ ಇಡ್ಬೇಡಿ ಕನ್ನಪ್ಪಣ್ಣ’ ಎಂದಳು ವಾಗ್ದೇವಿ. ‘ಕೋಳೀನ ಬೇಕಾದ್ರೆ ಇಳಿಸ್ತೀನಿ, ಇದನ್ನ ಇಳ್ಸಲ್ಲ’ ಎಂದು ಕನ್ನಪ್ಪ ಸೀಟಿ ಊದಿದ.

ಶನಿವಾರ ಬೆಳಿಗ್ಗೆ ಬೀದಿಯ ತುದಿಯ ಔಷಧಿ ಅಂಗಡಿಯವರು ಕೂಗಿ ಕರೆದರು. ತೀರ್ಥಹಳ್ಳಿಯಿಂದ ಟ್ರಂಕ್ ಕಾಲ್. ವಾಗ್ದೇವಿ ಸೆರಗು ಸಿಕ್ಕಿಸಿಕೊಂಡು ಓಡಿದಳು. ತಂತಿಯೊಳಗೆ ಜೀರುಂಡೆ ಕೂತಿರುವಂತೆ ಸದ್ದು, ಅದರ ನಡುವೆ ಮುಕುಂದಯ್ಯನ ದನಿ.

‘ಬಂತಮ್ಮಾ, ನಿನ್ನೆ ಸಂಜೇನೇ ಬಂತು. ಭಾಳ ಚೆನ್ನಾಗೈತೆ. ಇವತ್ತು ಮಧ್ಯಾಹ್ನದ ಬಸ್ಸಿಗೆ ನಮ್ಮಂಗಡಿ ಶಂಭು ಶಿವಮೊಗ್ಗಕ್ಕೆ ತಗಂಡು ಹೋಗ್ತಾನೆ. ನಿನ್ನೆ ಶುಕ್ರವಾರ ಬೇರೆ ಅಲ್ವಾ, ನಮ್ಮ ಮನೆಯೋಳು ದೇವ್ರ ಮುಂದೆ ಇಟ್ಟು, ದೀಪ ಹಚ್ಚಿ, ಕುಂಕುಮ ಇಟ್ಟು...’

‘ಯಾವ್ದಕ್ಕೆ ಕುಂಕುಮ ಇಟ್ರು ಮುಕುಂದಯ್ಯೋರೇ? ಯಾವ ನಂಬರಿಗೆ?’

ಜೀರುಂಡೆ ಜೋರಾಗಿ ಕೂಗಿತು. ಆಮೇಲೆ ಅದೂ ನಿಂತಿತು. ಔಷಧಿ ಅಂಗಡಿಯವರು ರಿಸೀವರನ್ನು ಎರಡು ಸಲ ತಟ್ಟಿ, ಲೈನು ಹೋಯ್ತು ಎಂದರು.

ಪ್ರೆಸ್ಸಿನ ಕ್ಯಾಮರಾದಲ್ಲಿ ಹಾಕುವ ಫಿಲ್ಮಿಗೆ ಕೆಂಪು ಗೊತ್ತಿಲ್ಲ. ಅದಕ್ಕೆ ಕೆಂಪೂ ಒಂದೇ ಕಪ್ಪೂ ಒಂದೇ. ಮೂಲದ ಮೇಲೆ ಒಂದು ಕುಂಕುಮದ ಬೊಟ್ಟು ಬಿದ್ದರೆ ಸಾಕು, ಪ್ರತಿ ಪೊಟ್ಟಣದ ಮೇಲೂ ಅಷ್ಟಗಲದ ಕರಿ ಕಲೆ ಬೀಳುತ್ತದೆ. ಪ್ರೆಸ್ಸಿನವರು ಅದನ್ನೂ ಚಿತ್ರದ ಭಾಗವೆಂದೇ ತಿಳಿಯುತ್ತಾರೆ. ‘ಉಪ್ಪಿನಕಯಿ’ಯ ಮೇಲೆ ಈಗ ಕರಿಬೊಟ್ಟಿನ ಕಷಾಯ! ಎಣ್ಣೆ ಎಂದು ಬರೆದಿದ್ದಳು, ನೀರು ಎಂದು ಬರೆದಿದ್ದಳು, ಬೆರಳು ಎಂದೂ ಬರೆದಿದ್ದಳು. ಕುಂಕುಮ ಎಂದು ಬರೆದಿರಲಿಲ್ಲ. ದಿನಾ ಬೆಳಿಗ್ಗೆ ತನ್ನ ಹಣೆಗೇ ಇಟ್ಟುಕೊಳ್ಳುವ ವಸ್ತು, ಮನೆಗೆ ಹೊಸ ಕೊಡ ಬಂದರೂ ಮೊದಲು ಇಡುವ ವಸ್ತು, ಅದೊಂದು ಅವಳ ತಲೆಗೆ ಹೊಳೆದಿರಲಿಲ್ಲ. ತನ್ನ ಮೇಲೇ ಅವಳಿಗೆ ಕೆಟ್ಟ ಕೋಪ ಬಂತು.

ಮನೆಗೆ ಬಂದು ಚೀಲಕ್ಕೆ ಬ್ಲೇಡು, ಬಿಳಿ ಬಣ್ಣ, ಸಣ್ಣ ಕುಂಚ, ಶಾಯಿ ತುಂಬಿಕೊಂಡಳು. ಯಮುನಮ್ಮ ಒಲೆಯ ಮುಂದಿನಿಂದ ಎದ್ದು ಬಂದರು.

‘ಏನಾಯ್ತೇ?’

‘ಕುಂಕುಮ ಹಚ್ಚಿದಾರಂತಮ್ಮ.’

‘ಒಳ್ಳೇದಲ್ವೇನೇ?’

ವಾಗ್ದೇವಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಇದನ್ನು ಬಿಡಿಸಿ ಹೇಳುತ್ತ ಕೂತರೆ ಬಸ್ಸು ತಪ್ಪುತ್ತಿತ್ತು.

ಬಸ್ಸೇನೋ ಸಿಕ್ಕಿತು. ಆದರೆ ಅವಸರದಲ್ಲಿರುವವರನ್ನು ಬಸ್ಸುಗಳು ಹೇಗೋ ಗುರುತು ಹಿಡಿಯುತ್ತವೆ. ಹೊಸನಗರದಲ್ಲಿ ಡ್ರೈವರು ಇಳಿದು ಹೋದವನು ಅವಲಕ್ಕಿ ತಿಂದು, ಚಾ ಕುಡಿದು, ಎಲೆ ಅಡಿಕೆ ಹಾಕಿ, ಯಾರದೋ ಎಮ್ಮೆಯ ಕ್ಷೇಮಸಮಾಚಾರವನ್ನೂ ವಿಚಾರಿಸಿಕೊಂಡು ಬಂದ. ಕನ್ನಪ್ಪ ಟಿಕೆಟ್ಟು ಹರಿಯುತ್ತಾ, ‘ನಿನ್ನೆ ಫೋಲ್ಡರು, ಇವತ್ತು ನೀವೇ ಹೊರಟ್ರಾ?’ ಎಂದ. ಅವಳು ನಗಲಿಲ್ಲವೆಂದು ಮತ್ತೆ ಮಾತಾಡಿಸಲಿಲ್ಲ. ದಾರಿಯುದ್ದಕ್ಕೂ ವಾಗ್ದೇವಿ ಮನಸ್ಸಿನಲ್ಲೇ ರಟ್ಟನ್ನು ಕೆರೆಯುತ್ತಿದ್ದಳು. ಒಣ ಕುಂಕುಮವಾದರೆ ಊದಿದರೂ ಹೋದೀತು. ಎಣ್ಣೆಯಲ್ಲಿ ಕಲಸಿದ್ದಾದರೆ ರಟ್ಟಿನೊಳಗೇ ಇಳಿದಿರುತ್ತದೆ. ಮೇಲೆ ಬಿಳಿ ಬಣ್ಣ ಹಚ್ಚಿದರೂ ಎಣ್ಣೆ ಅದನ್ನು ಹಿಡಿಯಗೊಡುವುದಿಲ್ಲ. ಅಕ್ಷರದ ಮೇಲೇ ಬಿದ್ದಿದ್ದರೆ ಆ ಅಕ್ಷರ ಕಿತ್ತು ಹೊಸದು ಅಂಟಿಸಬೇಕು, ಹೊಸದನ್ನು ತರುವುದು ಎಲ್ಲಿಂದ? ಟೀಚರ್ ಕೆಲಸವೇನೂ ಕೆಟ್ಟದ್ದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮಕ್ಕಳಿಗೆ ಮಾವಿನಕಾಯಿ ಬರೆಯಲು ಕಲಿಸುವುದು. ದಿನಾ ಮಾವಿನಕಾಯಿ. ಅವಳ ಕಣ್ಣು ತುಂಬಿತು.

ತೀರ್ಥಹಳ್ಳಿಯಲ್ಲಿ ಇಳಿದು ಮುಕುಂದಯ್ಯನ ಅಂಗಡಿಗೆ ನಡೆದಳೋ ಓಡಿದಳೋ ಅವಳಿಗೇ ಗೊತ್ತಿಲ್ಲ. ಬಾಗಿಲಲ್ಲಿ ಶಂಭು ಎಂಬ ಅವರ ಅಂಗಡಿಯ ಆಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಶಿವಮೊಗ್ಗಕ್ಕೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದ. ಅವನ ಕೈ ಖಾಲಿಯಿತ್ತು. ಅಷ್ಟು ನೋಡಿಯೇ ವಾಗ್ದೇವಿಗೆ ಅರ್ಧ ಜೀವ ಬಂತು.

ಮುಕುಂದಯ್ಯ ಗಲ್ಲಾದಿಂದ ಎದ್ದರು. ತೋಟ ಗದ್ದೆ ಇರುವ ದೊಡ್ಡ ಕುಳ, ಆದರೆ ಮಾತು ಮೆತ್ತಗೆ. ‘ಅರೆ, ಫೋನಲ್ಲೇ ಎಲ್ಲಾ ಹೇಳಿದ್ನಲ್ಲಮ್ಮಾ. ನೀನ್ಯಾಕೆ ಇಷ್ಟು ದೂರ?’

‘ಫೋಲ್ಡರು ಎಲ್ಲಿದೆ?’

‘ದೇವ್ರ ಕೋಣೇಲೇ ಐತೆ. ಬಾ, ಮೊದ್ಲು ಕಾಲು ತೊಳ್ಕೊ, ಮಜ್ಜಿಗೆ ಕುಡಿ.’

ಕಾಲನ್ನೇನೋ ತೊಳೆದಳು, ಮಜ್ಜಿಗೆಗೆ ನಿಲ್ಲಲಿಲ್ಲ. ಅಂಗಡಿಯ ಹಿಂದೆಯೇ ಮನೆ. ದೇವರ ಕೋಣೆಯ ಮಣೆಯ ಮೇಲೆ ದೊಡ್ಡ ಫೋಲ್ಡರು ಮದುಮಗಳಂತೆ ಕೂತಿತ್ತು. ರಟ್ಟಿನ ಮೇಲೆ ನಾಲ್ಕು ಮೂಲೆಗೂ ಕುಂಕುಮ, ನಡುವೆ ಒಂದು ದಾಸವಾಳ. ಮುಕುಂದಯ್ಯನ ಹೆಂಡತಿ ಶೇಷಮ್ಮ ಬತ್ತಿ ಹೊಸೆಯುತ್ತಾ ಕೂತವರು ತಲೆಯೆತ್ತಿದರು.

‘ನೀನೇನಾ ಬರ್ದಿದ್ದು? ಇಷ್ಟು ಸಣ್ಣೋಳಾ?’

ವಾಗ್ದೇವಿ ನೇರ ಮಣೆಯ ಹತ್ತಿರ ಹೋದಳು. ‘ಅಮ್ಮಾ, ಒಂದ್ಸಲ ಬಿಚ್ಚಿ ನೋಡ್ತೀನಿ’ ಎಂದು ದಾರ ಬಿಚ್ಚಿದಳು. ಒಂದನೆಯ ಫೋಲ್ಡರು ತೆರೆದು ಮುಸುಕು ಎತ್ತಿದಳು. ಬಿಳಿ ರಟ್ಟು ತಾನು ಕಳಿಸಿದಾಗ ಹೇಗಿತ್ತೋ ಹಾಗೇ ಇತ್ತು. ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡಿದಳು. ಒಂದು ಬೆರಳಿನ ಗುರುತೂ ಇಲ್ಲ. ಎರಡನೆಯದು ತೆರೆದಳು. ಗಾಜಿನಂಥ ಹಾಳೆಗಳ ಮೇಲೆ ಕರಿ ಉರಿ ಚೊಕ್ಕವಾಗಿ ನಿಂತಿತ್ತು, ಕೂಡು ಗುರುತುಗಳೂ ಇದ್ದವು. ಮೂರನೆಯದನ್ನು ತೆರೆದಾಗ ಅಕ್ಷತೆಯ ಕಾಳು ಪಟಪಟನೆ ನೆಲಕ್ಕೆ ಉದುರಿತು. ಬಣ್ಣದ ಮಾದರಿಯಲ್ಲಿ ದೀಪದ ಉರಿಯ ನಟ್ಟನಡುವೆ ಕಾಸಿನಗಲದ ಕುಂಕುಮದ ಬೊಟ್ಟು, ಎಣ್ಣೆಯಲ್ಲಿ ಕಲಸಿದ್ದು, ಹಸಿ ಹಸಿ ಹೊಳೆಯುತ್ತಿತ್ತು.

ವಾಗ್ದೇವಿ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಹೋದ ಜೀವ ಬಂದಂತಾಗಿ, ತಡೆಯಲಾರದೆ ನಗು ಬಂತು, ನಗುವಿನ ಜೊತೆಗೇ ಕಣ್ಣೀರೂ ಬಂತು.

‘ಯಾಕಮ್ಮಾ, ತಪ್ಪಾಯ್ತಾ?’ ಶೇಷಮ್ಮ ಬತ್ತಿ ಕೆಳಗಿಟ್ಟರು.

‘ಇಲ್ಲಮ್ಮಾ, ಏನೂ ತಪ್ಪಾಗಿಲ್ಲ. ಒಂದನೇದಕ್ಕೆ, ಎರಡನೇದಕ್ಕೆ ಯಾಕೆ ಹಚ್ಚಲಿಲ್ಲ ನೀವು?’

ಶೇಷಮ್ಮ ಅವಳನ್ನು ವಿಚಿತ್ರವಾಗಿ ನೋಡಿದರು. ‘ಒಳ್ಳೆ ಕೇಳ್ತೀಯ. ಕರೀ ದೀಪಕ್ಕೆ ಯಾರಾದ್ರೂ ಕುಂಕುಮ ಇಡ್ತಾರಾ? ಮೂರನೇದೇ ನಿಜವಾದ ದೀಪ ಅಂತ ನೀನೇ ಬರ್ದಿದೀಯ. ನಿಜವಾದ್ದಕ್ಕೆ ಇಟ್ಟೆ.’

ಮುಕುಂದಯ್ಯ ಬಾಗಿಲಲ್ಲಿ ನಿಂತು ಕೆಮ್ಮಿದರು. ‘ನಿಜ ಹೇಳ್ಬೇಕು ಅಂದ್ರೆ ವಾಗ್ದೇವಮ್ಮ, ನಾನು ಕಾಗದ ಅರ್ಧ ಓದಿ ದಾರ ಬಿಚ್ಬಿಟ್ಟೆ. ಮೊದ್ಲು ಕೈಗೆ ಬಂದಿದ್ದೇ ಆ ಎರಡನೇದು. ಕರೀ ಉರಿ ನೋಡಿ ನಂಗೆ ತಲೆ ಕೆಟ್ಹೋಯ್ತು. ಹೊಸ ವ್ಯಾಪಾರಕ್ಕೆ ಹಿಂಗೂ ಅಪಶಕುನ ಬರೀತಾರಾ ಅಂತ. ನಾಳೆ ಬಸ್ಸಿಗೆ ವಾಪಸ್ ಕಳಿಸ್ತೀನಿ ಅಂದೆ. ಇವ್ಳೇ ಅಂದಿದ್ದು, ಹೆಣ್ಮಗಳು ಇಷ್ಟುದ್ದ ಕಾಗದ ಸುಮ್ನೆ ಬರೀತಾಳಾ, ಪೂರ್ತಿ ಓದಿ ಅಂತ. ಗಟ್ಟಿಯಾಗಿ ಓದಿದೆ. ಆಮೇಲೆ ಅರ್ಥ ಆಯ್ತು.’

‘ಮುಟ್ಬೇಡಿ ಅಂತ ಬರ್ದಿದ್ಯಲ್ಲ’ ಶೇಷಮ್ಮ ಮಾತು ಮುಂದುವರಿಸಿದರು, ‘ಆ ಒಂದನೇದನ್ನ ಇವರು ಆ ಕಡೆ ಅಂಚು ಹಿಡ್ದು, ನಾನು ಈ ಕಡೆ ಅಂಚು ಹಿಡ್ದು ನೋಡಿದ್ವಿ. ಕೈ ತೊಳ್ಕೊಂಡು.’

ಆ ಇಬ್ಬರು ಹಿರಿಯರು ರಟ್ಟಿನ ಅಂಚು ಹಿಡಿದು ಉಸಿರು ಬಿಗಿಹಿಡಿದು ನಿಂತದ್ದನ್ನು ನೆನೆಸಿಕೊಂಡು ವಾಗ್ದೇವಿಗೆ ಅವರ ಮೇಲೆ ತುಂಬ ಪ್ರೀತಿ ಬಂತು. ಇಷ್ಟು ವರ್ಷ ಅವಳು ಬರೆದದ್ದನ್ನು ಯಾರೂ ಅಷ್ಟು ಜೋಪಾನವಾಗಿ ಹಿಡಿದಿರಲಿಲ್ಲ.

ಆಮೇಲೆ ಮಜ್ಜಿಗೆ ಕುಡಿದಳು, ಎರಡು ಲೋಟ. ಕುಡಿಯುತ್ತಾ ಮಾದರಿಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ತಾನು ಹಾಕಿದ ಕೆಂಪಿನ ಪಕ್ಕದಲ್ಲಿ ಶೇಷಮ್ಮನ ಕುಂಕುಮ ಇತ್ತು. ತನ್ನದು ಹಂಚಿನ ಬಣ್ಣದ ಹಾಗೆ ಸಪ್ಪೆಯಾಗಿ ಕಂಡಿತು. ಎಷ್ಟು ದಿನ ಬಣ್ಣ ಕಲಸಿ ಕಲಸಿ ಸಿಗದೇ ಇದ್ದ ಕೆಂಪು ಇಲ್ಲಿ ಒಂದು ಬೆರಳಿನ ತುದಿಯಲ್ಲಿ ಬಂದು ಕೂತಿತ್ತು. ಅವಳಿಗೆ ಒಂದು ಕ್ಷಣ ಮುನಿಸೂ ಬಂತು. ಆಮೇಲೆ ಐದನೆಯ ಫೋಲ್ಡರು ತೆರೆದು, ಶಾಯಿಗಳ ವಿವರದಲ್ಲಿ ಕೆಂಪಿನ ಎದುರು ಬರೆದಿದ್ದನ್ನು ಹೊಡೆದುಹಾಕಿ, ‘ಮೂರನೆಯ ಫೋಲ್ಡರಿನಲ್ಲಿರುವ ಕುಂಕುಮದ ಬೊಟ್ಟಿಗೆ ಹೊಂದಿಸುವುದು’ ಎಂದು ಬರೆದಳು. ಎಣ್ಣೆ ಬೇರೆಯವಕ್ಕೆ ತಾಗದಂತೆ ಮಾದರಿಯ ಮೇಲೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದಳು. ನಾಲ್ಕನೆಯ ಫೋಲ್ಡರು ತೆಗೆದು ಶೇಷಮ್ಮನ ಕೈಗೆ ಕೊಟ್ಟಳು.

‘ಇದು ಮನೇಲೇ ಇರ್ಲಿ ಅಮ್ಮಾ. ಇದೂ ಕರೀ ದೀಪವೇ, ಪೂಜೆ ಬೇಡ.’

‘ಗೊತ್ತಾಯ್ತು ಕಣೇ’ ಎಂದರು ಶೇಷಮ್ಮ.

ಶಂಭು ಒಂದು, ಎರಡು, ಮೂರು, ಐದು ಎಂದು ದೊಡ್ಡ ದನಿಯಲ್ಲಿ ಓದಿ, ದೊಡ್ಡ ಫೋಲ್ಡರನ್ನು ಕಂಕುಳಿಗೆ ಏರಿಸಿಕೊಂಡು ಬಸ್ಸು ಹತ್ತಿದ. ದಾಸವಾಳ ಅವನ ಜೇಬಿಗೆ ಹೋಯಿತು.

ಮೊದಲ ಮಳೆಗೆ ಇನ್ನೂ ತಡವಿತ್ತು, ಒಂದು ಮಧ್ಯಾಹ್ನ ಕನ್ನಪ್ಪ ಬಸ್ಸು ನಿಲ್ಲಿಸಿಕೊಂಡು ಜಗಲಿಗೇ ಬಂದು ಒಂದು ಕಟ್ಟು ಕೊಟ್ಟುಹೋದ. ಸಂಜೆದೀಪ ಕಷಾಯದ ಪುಡಿಯ ಹೊಸ ಪೊಟ್ಟಣಗಳು. ವಾಗ್ದೇವಿ ಮೊದಲು ಅಕ್ಷರಗಳನ್ನು ಓದಿದಳು. ಎಲ್ಲ ದೀರ್ಘಗಳೂ ಇದ್ದವು. ಆಮೇಲೆ ಅಂಚು ನೋಡಿದಳು. ಹಳದಿಯ ಮೇಲೆ ಕೆಂಪು ಕೂದಲೆಳೆಯಷ್ಟೂ ಸರಿಯದೆ ಕೂತಿತ್ತು. ಉರಿ ಕುಂಕುಮದ ಬಣ್ಣದಲ್ಲಿ ಉರಿಯುತ್ತಿತ್ತು. ಕಟ್ಟಿನ ಜೊತೆ ಮುಕುಂದಯ್ಯನ ಎರಡು ಸಾಲಿನ ಚೀಟಿ: ತಮ್ಮ ಭಾವನೆಂಟರೊಬ್ಬರು ಜೇನುತುಪ್ಪದ ಲೇಬಲ್ಲು ಮಾಡಿಸಬೇಕೆಂದಿದ್ದಾರೆ, ಅವರಿಗೂ ಅಂಥದೇ ಉದ್ದ ಕಾಗದ ಬರೆಯಬೇಕಂತೆ.

ಯಮುನಮ್ಮ ಕೈಯೊರೆಸಿಕೊಳ್ಳುತ್ತಾ ಒಳಗಿನಿಂದ ಬಂದರು. ಒಂದು ಪೊಟ್ಟಣ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅದನ್ನು ಹಿಡಿದುಕೊಂಡೇ ದೇವರ ಗೂಡಿನ ಕಡೆ ಹೋದರು. ಕರಡಿಗೆಯ ಮುಚ್ಚಳ ತೆಗೆದ ಸದ್ದು ಕೇಳಿತು. ಆಮೇಲೆ ಸದ್ದಿಲ್ಲ. ವಾಗ್ದೇವಿ ತಿರುಗಿ ನೋಡಿದಳು. ತಾಯಿ ಬೆರಳ ತುದಿಯಲ್ಲಿ ಕುಂಕುಮ ಹಿಡಿದು, ಪೊಟ್ಟಣದ ಮೇಲೆ ಕೈ ನಿಲ್ಲಿಸಿಕೊಂಡು ಇವಳನ್ನೇ ನೋಡುತ್ತಿದ್ದರು.

‘ಇದಕ್ಕೆ ಹಚ್ಬಹುದಾ?’

‘ಹಚ್ಚಮ್ಮ’ ಎಂದಳು ವಾಗ್ದೇವಿ.